ನಿಮ್ಮ ಅಂಗಡಿ ಹೆಸರಲ್ಲಿ ನಕಲಿ ಖಾತೆ ಅಡ್ವಾನ್ಸ್ ಕೇಳುತ್ತಿದ್ದರೆ: ಗ್ರಾಹಕರನ್ನು ಎಚ್ಚರಿಸುವ ಕ್ರಮ

"ಅಕ್ಕಾ, ಅಡ್ವಾನ್ಸ್ ಹಾಕಿ ನಾಕ್ ದಿನ ಆತು. ಸೀರಿ ಯಾವಾಗ ಕಳಸ್ತೀರಿ?"

ಹೋದ ಸಲ ಗೌರಿ ಹಬ್ಬಕ್ಕೆ ಹತ್ತು ದಿನ ಇರುವಾಗ ಹುಬ್ಬಳ್ಳಿಯಿಂದ ಬಂದ ಕರೆ ಇದು. ನಾನು ಇನ್‌ಸ್ಟಾಗ್ರಾಮ್‌ನಲ್ಲಿ ಇಳಕಲ್ ಸೀರೆ, ಗುಳೇದಗುಡ್ಡದ ಖಣ ಮಾರುತ್ತೇನೆ. ಅವರಿಂದ ನಾನು ಒಂದು ರೂಪಾಯಿಯನ್ನೂ ತಗೊಂಡಿರಲಿಲ್ಲ. ನನ್ನದೇ ಫೋಟೋ, ನನ್ನದೇ ಲೋಗೋ ಹಾಕಿಕೊಂಡು ಯಾರೋ ಖಾತೆ ತೆರೆದಿದ್ದರು. 4,200 ರೂಪಾಯಿಯ ಸೀರೆಯನ್ನು ಹಬ್ಬದ ಆಫರ್ ಅಂತ 2,400ಕ್ಕೆ ತೋರಿಸಿ 1,500 ಅಡ್ವಾನ್ಸ್ ಕೇಳಿದ್ದರು. ಮೂರು ಜನ ಹಣ ಹಾಕಿದ್ದರು.

ಆಮೇಲೆ ನನ್ನಂಥ ಹಲವು ಮಾರಾಟಗಾರರು ಇದೇ ತೊಂದರೆ ಹೇಳಿಕೊಂಡು ಫೋನ್ ಮಾಡಿದ್ದಾರೆ. ಹೆಚ್ಚಿನವರು ಮಾಡುವ ತಪ್ಪು ಒಂದೇ. ಗಾಬರಿಯಲ್ಲಿ "ಫೇಕ್ ಅಕೌಂಟ್, ಎಲ್ಲರೂ ರಿಪೋರ್ಟ್ ಮಾಡಿ" ಅಂತ ಒಂದು ಸ್ಟೋರಿ ಹಾಕಿ ಸುಮ್ಮನಾಗುತ್ತಾರೆ. ಸಾಕ್ಷಿ ಉಳಿಯುವುದಿಲ್ಲ. ಎಚ್ಚರಿಕೆ ಮುಟ್ಟಬೇಕಾದವರಿಗೆ ಮುಟ್ಟುವುದಿಲ್ಲ. ಮರುದಿನ ಇನ್ನೊಬ್ಬರು ಹಣ ಕಳೆದುಕೊಳ್ಳುತ್ತಾರೆ. ಇಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನುವುದೇ ಮುಖ್ಯ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ.

## ಶುರು ಮಾಡುವ ಮೊದಲು ಕೈಯಲ್ಲಿರಬೇಕಾದ್ದು

ನಿಮ್ಮ ಫೋನ್ ಅಲ್ಲದೆ ಮನೆಯವರದ್ದೋ ಗೆಳತಿಯದ್ದೋ ಇನ್ನೊಂದು ಫೋನ್ ಬೇಕು. ಅದರಲ್ಲಿ ಅವರ ಸ್ವಂತ ಇನ್‌ಸ್ಟಾಗ್ರಾಮ್ ಖಾತೆ ಇರಬೇಕು. ಒಂದು ನೋಟ್‌ಬುಕ್ಕು ಬೇಕು.

ಇನ್ನೊಂದು ಸಣ್ಣ ಕೆಲಸ. ನಿಮ್ಮದೇ ಕ್ಯೂಆರ್ ಕೋಡನ್ನು ಬೇರೆ ಫೋನಿನಿಂದ ಸ್ಕ್ಯಾನ್ ಮಾಡಿ, ಹಣ ಹಾಕುವ ಮೊದಲು ಯಾವ ಹೆಸರು ತೋರಿಸುತ್ತದೆ ಎಂದು ಅಕ್ಷರಕ್ಕೆ ಅಕ್ಷರ ಬರೆದಿಟ್ಟುಕೊಳ್ಳಿ. ಈ ಹೆಸರು ನಾಲ್ಕನೇ ಹಂತದಲ್ಲಿ ಬೇಕಾಗುತ್ತದೆ.

## 1. ಬೇರೆ ಫೋನಿನಿಂದ ನಕಲಿ ಖಾತೆ ಹುಡುಕಿ

"ನಾನು ಹುಡುಕಿದೆ, ಅಂಥ ಖಾತೆ ಕಾಣಿಸಲಿಲ್ಲ, ಡಿಲೀಟ್ ಆಗಿರಬೇಕು" ಅಂತ ಎಷ್ಟೋ ಜನ ಹೇಳುತ್ತಾರೆ. ಹೆಚ್ಚಾಗಿ ಅದು ಡಿಲೀಟ್ ಆಗಿರುವುದಿಲ್ಲ. ನಕಲಿ ಖಾತೆ ತೆರೆದವರು ಸಾಮಾನ್ಯವಾಗಿ ಮೊದಲು ಅಸಲಿ ಅಂಗಡಿಯವರನ್ನೇ ಬ್ಲಾಕ್ ಮಾಡುತ್ತಾರೆ. ನಿಮ್ಮ ಖಾತೆಯಿಂದ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಅದಕ್ಕೇ ಇನ್ನೊಂದು ಫೋನ್ ಬೇಕು ಅಂದಿದ್ದು.

ಯೂಸರ್‌ನೇಮ್ ಅನ್ನು ನಿಧಾನವಾಗಿ ಓದಿ. ನನ್ನ ಹೆಸರಿನ ನಡುವೆ ಇದ್ದ ಚುಕ್ಕೆಯ ಜಾಗದಲ್ಲಿ ಅವರು ಅಡಿಗೆರೆ ಇಟ್ಟಿದ್ದರು, ಅಷ್ಟೇ ವ್ಯತ್ಯಾಸ. ಕೆಲವರು ಕೊನೆಗೆ ಒಂದು `s` ಸೇರಿಸುತ್ತಾರೆ. ಕೆಲವರು `l` ಇರುವ ಕಡೆ `1` ಹಾಕುತ್ತಾರೆ. `_official` ಅಥವಾ `_store` ಅಂತ ಬಾಲ ಹಚ್ಚುವವರೂ ಇದ್ದಾರೆ. ಒಂದು ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ಈ ಎಲ್ಲ ಬಗೆಯಲ್ಲೂ ಹುಡುಕಿ. ಫೇಸ್‌ಬುಕ್‌ನಲ್ಲೂ ಹುಡುಕಿ.

## 2. ರಿಪೋರ್ಟ್ ಮಾಡುವ ಮೊದಲು ಸಾಕ್ಷಿ ಹಿಡಿದಿಡಿ

ಖಾತೆ ಹೋದ ಮೇಲೆ ಪೊಲೀಸರಿಗೆ ತೋರಿಸಲು ಏನೂ ಇರುವುದಿಲ್ಲ. ಅದಕ್ಕೆ ಈ ಹಂತ ಮುಗಿಯುವ ತನಕ ಯಾರಿಗೂ ರಿಪೋರ್ಟ್ ಮಾಡಿ ಅನ್ನಬೇಡಿ. ಇದಕ್ಕೆ ಹತ್ತು ನಿಮಿಷ ಸಾಕು.

ಪ್ರೊಫೈಲ್ ಪೂರ್ತಿ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತಗೊಳ್ಳಿ. ಪ್ರೊಫೈಲಿನ ಲಿಂಕ್ ಕಾಪಿ ಮಾಡಿ ಬೇರೆ ಕಡೆ ಉಳಿಸಿ. ಫೋಟೋ ಒಂದೇ ಇದ್ದರೆ ಸಾಲದು, ದೂರಿಗೆ ಲಿಂಕ್ ಬೇಕು. ನಂತರ ಮೂರು ಚುಕ್ಕೆ ಒತ್ತಿ `About this account` ನೋಡಿ. ಖಾತೆ ಯಾವ ತಿಂಗಳು ತೆರೆದದ್ದು, ಹೆಸರು ಎಷ್ಟು ಸಲ ಬದಲಾಗಿದೆ ಎಂಬುದು ಅಲ್ಲಿ ಇರುತ್ತದೆ. ಅದರದ್ದೂ ಸ್ಕ್ರೀನ್‌ಶಾಟ್ ತಗೊಳ್ಳಿ.

ಹೊಸ ಖಾತೆ ಆದರೆ ಮಾತ್ರ ನಕಲಿ ಅಂದುಕೊಳ್ಳಬೇಡಿ. ಬೇರೆಯವರ ಹಳೇ ಖಾತೆಯನ್ನು ಹ್ಯಾಕ್ ಮಾಡಿ, ಹೆಸರು ಬದಲಿಸಿ, ಅದರ ಸಾವಿರಾರು ಫಾಲೋವರ್‌ಗಳ ಜೊತೆಗೇ ಬಳಸುವುದೂ ಉಂಟು. ಆಗ ತೆರೆದ ದಿನಾಂಕ ಹಳೆಯದಾಗಿಯೇ ಇರುತ್ತದೆ. ಗುಟ್ಟು ಬಿಡುವುದು ಹೆಸರು ಬದಲಾದ ಲೆಕ್ಕ.

ಹಣ ಹಾಕಿದ ಗ್ರಾಹಕರಿಂದ ಚಾಟ್‌ನ ಸ್ಕ್ರೀನ್‌ಶಾಟ್, ಅವರಿಗೆ ಕಳಿಸಿದ ಕ್ಯೂಆರ್ ಅಥವಾ ಯುಪಿಐ ಐಡಿ, ನಕಲಿ ಖಾತೆಯವರು ಬಳಸಿದ ವಾಟ್ಸಾಪ್ ನಂಬರ್ ಕೇಳಿ ತಗೊಳ್ಳಿ. ಚಾಟ್ ಡಿಲೀಟ್ ಮಾಡಬೇಡಿ, ನಕಲಿ ಖಾತೆಯವರಿಗೆ ಬೈದು ಮೆಸೇಜ್ ಹಾಕಬೇಡಿ ಅಂತ ಅವರಿಗೆ ಸ್ಪಷ್ಟವಾಗಿ ಹೇಳಿ. ಬೈದರೆ ಆ ಕಡೆಯವರು ತಾವು ಕಳಿಸಿದ ಮೆಸೇಜ್‌ಗಳನ್ನು ಅಳಿಸಿಬಿಡುತ್ತಾರೆ.

## 3. ಹಣ ಹೋದವರು ಮೊದಲು 1930ಕ್ಕೆ ಕರೆ ಮಾಡಲಿ

ಹಣ ಕಳೆದುಕೊಂಡವರು ಯಾರಾದರೂ ನಿಮ್ಮನ್ನು ಸಂಪರ್ಕಿಸಿದರೆ, ಎರಡನೇ ಹಂತವನ್ನೂ ಬದಿಗಿಟ್ಟು ಅವರಿಂದ ಇದನ್ನು ಮಾಡಿಸಿ. 1930 ಸೈಬರ್ ವಂಚನೆಯ ಸಹಾಯವಾಣಿ. ಅಲ್ಲಿ ದೂರು ದಾಖಲಾದ ಮೇಲೆ ಹಣ ಜಮಾ ಆದ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಆ ಖಾತೆಯಲ್ಲಿ ಹಣ ಇನ್ನೂ ಉಳಿದಿದ್ದರೆ ತಡೆಹಿಡಿಯುತ್ತಾರೆ. ಬೇರೆ ಖಾತೆಗೆ ದಾಟಿಸಿ, ಎಟಿಎಂನಿಂದ ತೆಗೆದುಬಿಟ್ಟರೆ ಹಿಡಿಯಲು ಏನೂ ಇರುವುದಿಲ್ಲ.

ನಮ್ಮ ಮೂವರಲ್ಲಿ ಸೋಲಾಪುರದ ಒಬ್ಬರಿಗೆ ಒಂದು ಗಂಟೆಯೊಳಗೆ ಅನುಮಾನ ಬಂದು ಕರೆ ಮಾಡಿದ್ದರು. ಅವರ 1,500 ಅಲ್ಲೇ ನಿಂತಿತು. ಆದರೂ ಅದು ಕೈಗೆ ಬರಲು ಬಹಳ ದಿನ ಹಿಡಿಯಿತು. ಉಳಿದಿಬ್ಬರಿಗೆ ಗೊತ್ತಾಗಿದ್ದು ನಾಲ್ಕು ದಿನದ ಮೇಲೆ. ಅವರ ಹಣ ಸಿಗಲಿಲ್ಲ.

ಕರೆ ಮಾಡುವಾಗ ಹಣ ಕಡಿತವಾದ ತಮ್ಮ ಬ್ಯಾಂಕ್ ಖಾತೆಯ ವಿವರ, ದಿನಾಂಕ, ಮೊತ್ತ, ಯುಪಿಐ ಆ್ಯಪ್‌ನಲ್ಲಿ ಕಾಣುವ 12 ಅಂಕಿಯ ಯುಟಿಆರ್ ನಂಬರ್ ಹತ್ತಿರ ಇಟ್ಟುಕೊಳ್ಳಬೇಕು. ಈ ಕರೆಯನ್ನು ಹಣ ಕಳೆದುಕೊಂಡವರೇ ಮಾಡಬೇಕು. "ಪಾಪ, ನಾನೇ ಮಾಡುತ್ತೇನೆ" ಅಂತ ಅಂಗಡಿಯವರು ಹೊರಟರೆ ಈ ವಿವರ ಯಾವುದೂ ನಿಮ್ಮಲ್ಲಿರುವುದಿಲ್ಲ, ಸುಮ್ನೆ ಹೊತ್ತು ಹೋಗುತ್ತದೆ. ಲೈನ್ ಸಿಗದಿದ್ದರೆ ಕಾಯಬೇಡಿ, `cybercrime.gov.in` ನಲ್ಲಿ ನೇರವಾಗಿ ದಾಖಲಿಸಲಿ.

## 4. ಎಚ್ಚರಿಕೆಯನ್ನು ಬರೆಯುವುದು

ಹೆಚ್ಚಿನವರು ಸೋಲುವುದು ಇಲ್ಲೇ. ಅವರ ಎಚ್ಚರಿಕೆಯಲ್ಲಿ ಕಳ್ಳನ ವಿವರ ಜಾಸ್ತಿ ಇರುತ್ತದೆ, ಅಸಲಿಯನ್ನು ಗುರುತಿಸುವುದು ಹೇಗೆ ಅನ್ನುವುದು ಇರುವುದೇ ಇಲ್ಲ.

"ಈ ನಂಬರಿಗೆ ಹಣ ಹಾಕಬೇಡಿ" ಅಂತ ಕಳ್ಳನ ನಂಬರ್ ಬರೆದರೆ ಏನಾಗುತ್ತದೆ? ಅವನು ನಾಳೆ ನಂಬರ್ ಬದಲಿಸುತ್ತಾನೆ. ಹೊಸ ನಂಬರ್ ನೋಡಿದ ಗ್ರಾಹಕರು "ಇದು ಆ ನಂಬರ್ ಅಲ್ಲ, ಹಾಗಾದರೆ ಸರಿ ಇದೆ" ಅಂದುಕೊಳ್ಳುತ್ತಾರೆ. ಬದಲಾಗದೆ ಇರುವುದು ನಿಮ್ಮ ವಿವರ ಮಾತ್ರ. ಅದನ್ನೇ ಬರೆಯಿರಿ.

ಅದರಲ್ಲೂ ಮುಖ್ಯವಾದದ್ದು ಹಣ ಯಾರ ಹೆಸರಿಗೆ ಹೋಗುತ್ತದೆ ಎಂಬುದು. ನಮ್ಮಂಥ ಸಣ್ಣ ವ್ಯಾಪಾರದವರಲ್ಲಿ ಬಹಳ ಜನ ಸ್ವಂತ ಉಳಿತಾಯ ಖಾತೆಗೇ ಹಣ ತಗೊಳ್ಳುತ್ತೇವೆ, ಅಲ್ವಾ? ಗ್ರಾಹಕರು ಸ್ಕ್ಯಾನ್ ಮಾಡಿದಾಗ ಅಂಗಡಿಯ ಹೆಸರು ಬರುವುದಿಲ್ಲ, ನಮ್ಮ ಹೆಸರೋ ಯಜಮಾನರ ಹೆಸರೋ ಬರುತ್ತದೆ. ಹೀಗೆ ಯಾವುದೋ ಹೆಸರು ಬಂದರೂ ಹಣ ಹಾಕುವ ರೂಢಿಯನ್ನು ನಾವೇ ಅವರಿಗೆ ಮಾಡಿಸಿದ್ದೇವೆ. ನಕಲಿಯವರಿಗೆ ದಾರಿಯಾಗಿದ್ದು ಇದೇ. ಕ್ಯೂಆರ್ ಚಿತ್ರದ ಮೇಲೆ ನಿಮ್ಮ ಲೋಗೋ ಅಂಟಿಸುವುದು ಸುಲಭ. ಯುಪಿಐ ಐಡಿಯಲ್ಲಿ `@` ಗಿಂತ ಮೊದಲಿನ ಭಾಗದಲ್ಲಿ ನಿಮ್ಮ ಅಂಗಡಿಯ ಹೆಸರು ಬರುವ ಹಾಗೆ ಮಾಡಿಕೊಳ್ಳುವುದೂ ಕಷ್ಟವಲ್ಲ. ಆದರೆ ಹಣ ಹಾಕುವ ಮೊದಲು ಆ್ಯಪ್ ತೋರಿಸುವ ಬ್ಯಾಂಕ್ ಖಾತೆದಾರರ ಹೆಸರನ್ನು ಹಾಗೆ ಬದಲಿಸಲು ಆಗುವುದಿಲ್ಲ. ಮೊದಲೇ ಬರೆದಿಟ್ಟುಕೊಂಡ ಹೆಸರು ಈಗ ಕೆಲಸಕ್ಕೆ ಬರುತ್ತದೆ.

ನಾನು ಬರೆದದ್ದು ಹೀಗಿತ್ತು. ಖಾಲಿ ಜಾಗದಲ್ಲಿ ನಿಮ್ಮದು ತುಂಬಿಕೊಳ್ಳಿ.

> ನಮ್ಮ ಅಂಗಡಿಯ ಹೆಸರು, ಫೋಟೋ ಬಳಸಿ ಬೇರೆ ಯಾರೋ ಖಾತೆ ತೆರೆದು ಅಡ್ವಾನ್ಸ್ ಕೇಳುತ್ತಿದ್ದಾರೆ. ಅದು ನಾವಲ್ಲ.
>
> ಇನ್‌ಸ್ಟಾಗ್ರಾಮ್‌ನಲ್ಲಿ ನಮ್ಮದು ನೀವು ಈಗ ನೋಡುತ್ತಿರುವ ಇದೊಂದೇ ಖಾತೆ. ಎರಡನೇ ಖಾತೆ ಇಲ್ಲ. "ಹಳೇ ಖಾತೆ ಹ್ಯಾಕ್ ಆಗಿದೆ, ಇದು ಹೊಸದು" ಅಂದರೆ ನಂಬಬೇಡಿ.
>
> ನೀವು ಹಣ ಹಾಕುವಾಗ ಆ್ಯಪ್‌ನಲ್ಲಿ ______ ಎಂಬ ಹೆಸರು ಬರಬೇಕು. ಬೇರೆ ಯಾವ ಹೆಸರು ಬಂದರೂ ಅಲ್ಲಿಗೇ ನಿಲ್ಲಿಸಿ.
>
> ನೀವು ಆರ್ಡರ್ ಮಾಡದೆ ನಾವಾಗಿಯೇ ಮೆಸೇಜ್ ಹಾಕಿ ಹಣ ಕೇಳುವುದಿಲ್ಲ. ಅನುಮಾನ ಬಂದರೆ ______ ಈ ನಂಬರಿಗೆ ಕರೆ ಮಾಡಿ ನಮ್ಮ ಧ್ವನಿ ಕೇಳಿ.
>
> ಈಗಾಗಲೇ ಹಣ ಹಾಕಿದ್ದರೆ ನಮಗೆ ಹೇಳುವ ಮೊದಲು 1930ಕ್ಕೆ ಕರೆ ಮಾಡಿ.
>
> ದಿನಾಂಕ: ______

ಇದರಲ್ಲಿ ಬರೆದ ಪ್ರತಿ ಸಾಲೂ ನಿಮ್ಮ ವ್ಯಾಪಾರದಲ್ಲಿ ನಿಜವಾಗಿರಬೇಕು. ಆರ್ಡರ್ ಮೇಲೆ ಸೀರೆ ನೇಯಿಸಿ ಕೊಡುವವರು, ಕೇಕ್ ಮಾಡುವವರು ಅಡ್ವಾನ್ಸ್ ತಗೊಳ್ಳಲೇಬೇಕಾಗುತ್ತದೆ. ಅಂಥವರು ಆವೇಶದಲ್ಲಿ "ನಾವು ಯಾವತ್ತೂ ಅಡ್ವಾನ್ಸ್ ಕೇಳುವುದಿಲ್ಲ" ಅಂತ ಬರೆದುಬಿಡುತ್ತಾರೆ. ಮುಂದಿನ ವಾರ ಅವರೇ ಅಡ್ವಾನ್ಸ್ ಕೇಳಿದಾಗ ಗ್ರಾಹಕರಿಗೆ ಅಸಲಿ ಯಾವುದು, ನಕಲಿ ಯಾವುದು ಅನ್ನುವುದೇ ತಿಳಿಯುವುದಿಲ್ಲ. ಅಡ್ವಾನ್ಸ್ ತಗೊಳ್ಳುವವರಾದರೆ ಯಾವಾಗ, ಎಷ್ಟು, ಯಾವ ಹೆಸರಿಗೆ ಅಂತ ಬರೆಯಿರಿ.

ಬರೆಯಬಾರದ್ದೂ ಎರಡು ಇವೆ. ನಕಲಿ ಖಾತೆಯನ್ನು `@` ಹಾಕಿ ಟ್ಯಾಗ್ ಮಾಡಬೇಡಿ. ಅದು ಒತ್ತಿದರೆ ನೇರ ಅಲ್ಲಿಗೇ ಹೋಗುವ ದಾರಿ ಆಗುತ್ತದೆ. ತೋರಿಸಲೇಬೇಕಾದರೆ ಸ್ಕ್ರೀನ್‌ಶಾಟ್ ಹಾಕಿ, ಅದರ ಮೇಲೆ ಅಡ್ಡಲಾಗಿ ದೊಡ್ಡ ಕೆಂಪು ಅಕ್ಷರದಲ್ಲಿ "ನಕಲಿ" ಎಂದು ಬರೆಯಿರಿ. ಚಿತ್ರವನ್ನು ಯಾರಾದರೂ ಬರಹ ಬಿಟ್ಟು ಹಂಚಿಕೊಂಡರೂ ಆ ಪದ ಜೊತೆಗೇ ಹೋಗುತ್ತದೆ.

ಹಾಗೆಯೇ, ಹಣ ಜಮಾ ಆದ ಖಾತೆದಾರರ ಹೆಸರನ್ನು "ಇವನೇ ಕಳ್ಳ" ಅಂತ ಹಾಕಬೇಡಿ. ವಂಚಕರು ಹೆಚ್ಚಾಗಿ ಬೇರೆಯವರ ಖಾತೆಯನ್ನು ಬಾಡಿಗೆಗೆ ಪಡೆದೋ ಮೋಸದಿಂದ ತೆರೆಸಿಯೋ ಬಳಸುತ್ತಾರೆ. ಆ ಹೆಸರಿನ ಮನುಷ್ಯನಿಗೆ ಏನೂ ಗೊತ್ತಿರದೆ ಇರಬಹುದು. ಆ ಹೆಸರು ಪೊಲೀಸ್ ದೂರಿನಲ್ಲಿ ಇರಲಿ, ಅಲ್ಲಿ ಮಾತ್ರ.

## 5. ಎಚ್ಚರಿಕೆಯನ್ನು ಸರಿಯಾದ ಜನಕ್ಕೆ ಮುಟ್ಟಿಸುವುದು

ಸ್ಟೋರಿ 24 ಗಂಟೆಯಲ್ಲಿ ಹೋಗುತ್ತದೆ. ಅದನ್ನು ನೋಡುವವರು ಹೆಚ್ಚಾಗಿ ನಿಮ್ಮ ಖಾಯಂ ಗ್ರಾಹಕರು, ನಿಮ್ಮ ದನಿ ಗೊತ್ತಿರುವವರು. ಮೋಸ ಹೋಗುವವರು ಬೇರೆ. ನಿನ್ನೆ ಮೊನ್ನೆ ನಿಮ್ಮ ಪೋಸ್ಟ್ ಕೆಳಗೆ "ರೇಟ್ ಎಷ್ಟು?" ಅಂತ ಕೇಳಿದ ಹೊಸಬರು. ನಕಲಿ ಖಾತೆಯವರು ಆ ಕಾಮೆಂಟ್‌ಗಳನ್ನು ನೋಡುತ್ತಾ ಕೂತು, ನೀವು ಉತ್ತರ ಕೊಡುವ ಮೊದಲೇ ಅವರಿಗೆ ಮೆಸೇಜ್ ಹಾಕುತ್ತಾರೆ.

ಅದಕ್ಕೆ ಮೊದಲು ಹಿಂದಿನ ಎರಡು ವಾರದ ಪೋಸ್ಟ್‌ಗಳನ್ನು ತೆರೆಯಿರಿ. ಬೆಲೆ ಕೇಳಿದ ಪ್ರತಿಯೊಬ್ಬರ ಕಾಮೆಂಟಿಗೂ ಅಲ್ಲೇ ಉತ್ತರ ಬರೆಯಿರಿ: "ನಮ್ಮ ಹೆಸರಲ್ಲಿ ಬೇರೆಯವರು ಮೆಸೇಜ್ ಮಾಡುತ್ತಿದ್ದಾರೆ, ಹಣ ಹಾಕುವ ಮೊದಲು ನಮ್ಮ ಪ್ರೊಫೈಲ್‌ನ ಮೇಲಿನ ಪೋಸ್ಟ್ ನೋಡಿ." ಇನ್ನೊಂದು ಫೋನಿನಿಂದ ನಕಲಿ ಖಾತೆಯ ಫಾಲೋಯಿಂಗ್ ಪಟ್ಟಿ ನೋಡಿ. ಅಲ್ಲಿ ನಿಮ್ಮ ಗ್ರಾಹಕರ ಹೆಸರು ಸಿಕ್ಕರೆ ಅವರಿಗೆ ಒಬ್ಬೊಬ್ಬರಿಗೇ ಮೆಸೇಜ್ ಹಾಕಿ. ಒಂದೇ ಬರಹವನ್ನು ಒಮ್ಮೆಲೇ ನೂರಾರು ಜನಕ್ಕೆ ಕಳಿಸಿದರೆ ಇನ್‌ಸ್ಟಾಗ್ರಾಮ್ ನಿಮ್ಮನ್ನೇ ಸ್ಪ್ಯಾಮ್ ಎಂದು ತಡೆಯಬಹುದು. ಹತ್ತಿಪ್ಪತ್ತರಂತೆ, ಹೆಸರು ಹಿಡಿದು ಬರೆಯುವುದು ಒಳ್ಳೆಯದು.

ಎಚ್ಚರಿಕೆಯನ್ನು ಪೋಸ್ಟ್ ಆಗಿ ಹಾಕಿ, ಪ್ರೊಫೈಲ್ ಮೇಲೆ ಪಿನ್ ಮಾಡಿ. ಸ್ಟೋರಿಯನ್ನು ಹೈಲೈಟ್‌ನಲ್ಲಿ ಉಳಿಸಿ. ಬಯೋದಲ್ಲಿ 150 ಅಕ್ಷರಕ್ಕಷ್ಟೇ ಜಾಗ. "ಇದೊಂದೇ ಖಾತೆ" ಅನ್ನುವ ಮಾತು, ಹಣ ಹಾಕುವಾಗ ಬರಬೇಕಾದ ಹೆಸರು, ಇವೆರಡನ್ನು ಸೇರಿಸಿದರೆ ಸಾಕು.

ವಾಟ್ಸಾಪ್ ಬ್ರಾಡ್‌ಕಾಸ್ಟ್ ಕಳಿಸಿದೆವು, ಎಲ್ಲರಿಗೂ ಹೋಯಿತು ಅಂತ ನೆಮ್ಮದಿಯಾಗಿ ಇರಬೇಡಿ. ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಒಂದೇ ಸಲ ಸೀರೆ ತಗೊಂಡವರು ಸೇವ್ ಮಾಡಿರುವುದಿಲ್ಲ. ಬಾಕಿ ಆರ್ಡರ್ ಇರುವವರಿಗೆ ಬೇರೆ ಬೇರೆಯಾಗಿ ಕಳಿಸಿ ಅಥವಾ ಕರೆ ಮಾಡಿ.

ಭಾಷೆಯ ಬಗ್ಗೆಯೂ ಯೋಚಿಸಿ. ಇಳಕಲ್ ಸೀರೆ ಉಡುವವರು ಮಹಾರಾಷ್ಟ್ರದಲ್ಲೂ ಬಹಳ ಇದ್ದಾರೆ. ನಾನು ಮೊದಲ ದಿನ ಕನ್ನಡದಲ್ಲಿ ಮಾತ್ರ ಬರೆದಿದ್ದೆ. ಅದು ತಪ್ಪಾಯಿತು. ಮರುದಿನ ಮರಾಠಿಯಲ್ಲೂ ಬರೆಸಿದೆ.

## 6. ಈಗ ರಿಪೋರ್ಟ್ ಮಾಡಿ, ಮಾಡಿಸಿ

ನಕಲಿ ಪ್ರೊಫೈಲಿನ ಮೂರು ಚುಕ್ಕೆಯಲ್ಲಿ `Report` ಒತ್ತಿ, ಖಾತೆಯನ್ನು ರಿಪೋರ್ಟ್ ಮಾಡುವ ಆಯ್ಕೆಗೆ ಹೋಗಿ, ಬೇರೆಯವರಂತೆ ನಟಿಸುತ್ತಿದೆ ಎಂಬ ಕಾರಣ ಆರಿಸಿ. ಯಾರಂತೆ ಎಂದು ಕೇಳಿದಾಗ ನಿಮ್ಮ ಅಸಲಿ ಖಾತೆಯನ್ನು ತೋರಿಸಿ. ಆ್ಯಪ್ ಅಪ್‌ಡೇಟ್ ಆದ ಹಾಗೆ ಪದಗಳು ಸ್ವಲ್ಪ ಬದಲಾಗುತ್ತವೆ, ಅರ್ಥ ಇದೇ ಇರುತ್ತದೆ. ಗ್ರಾಹಕರಿಗೂ ಇದೇ ಕಾರಣ ಆರಿಸಲು ಹೇಳಿ. ಐವತ್ತು ಜನ ಸ್ಪ್ಯಾಮ್ ಅಂತ ಒತ್ತಿದ್ದಕ್ಕಿಂತ ನೀವು ಸರಿಯಾದ ಕಾರಣ ಕೊಟ್ಟು ಮಾಡಿದ ಒಂದು ರಿಪೋರ್ಟ್ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಅವರು ನಿಮ್ಮನ್ನು ಬ್ಲಾಕ್ ಮಾಡಿದ್ದರೆ ಇನ್‌ಸ್ಟಾಗ್ರಾಮ್‌ನ ಹೆಲ್ಪ್ ಸೆಂಟರ್‌ನಲ್ಲಿ ಇದಕ್ಕಾಗಿಯೇ ಫಾರ್ಮ್ ಇದೆ. ಅಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ನಿಮ್ಮ ಅಂಗಡಿಯ ಹೆಸರು ಟ್ರೇಡ್‌ಮಾರ್ಕ್ ಆಗಿ ನೋಂದಣಿ ಆಗಿದ್ದರೆ ಅದಕ್ಕೆ ಪ್ರತ್ಯೇಕ ಫಾರ್ಮ್ ಇದೆ. ವಾಟ್ಸಾಪ್ ನಂಬರನ್ನು ವಾಟ್ಸಾಪ್‌ನಲ್ಲೇ ರಿಪೋರ್ಟ್ ಮಾಡಿ.

"ನಮ್ಮ ನಿಯಮ ಮೀರಿಲ್ಲ" ಅಂತ ಉತ್ತರ ಬಂದರೆ ಕೈಬಿಡಬೇಡಿ. ನನಗೂ ಮೊದಲು ಹಾಗೇ ಬಂತು. ಮರುಪರಿಶೀಲನೆ ಕೇಳಿ, ಫಾರ್ಮ್ ಮೂಲಕ ಮತ್ತೆ ಕಳಿಸಿದ ಮೇಲೆ ಖಾತೆ ಹೋಯಿತು.

## 7. ಅಂಗಡಿಯವರ ದೂರು ಬೇರೆ

ಗ್ರಾಹಕರ ದೂರು ಅವರ ಹಣದ ಬಗ್ಗೆ. ನಿಮ್ಮ ಹೆಸರನ್ನು ಬಳಸಿದ್ದರ ಬಗ್ಗೆ ನೀವೇ ಪ್ರತ್ಯೇಕ ದೂರು ಕೊಡಬೇಕು. `cybercrime.gov.in` ನಲ್ಲಿ ಸಾಮಾಜಿಕ ಜಾಲತಾಣದ ನಕಲಿ ಪ್ರೊಫೈಲ್ ಬಗ್ಗೆ ದೂರು ಕೊಡಬಹುದು. ಅಥವಾ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳನ್ನು ನೋಡುವ ನಿಮ್ಮ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಬೇರೆಯವರ ಸೋಗಿನಲ್ಲಿ ಕಂಪ್ಯೂಟರ್, ಫೋನ್ ಬಳಸಿ ಮೋಸ ಮಾಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ಡಿ ಕಲಮಿನಡಿ ಅಪರಾಧ. 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ.

ಲಿಂಕ್, ಸ್ಕ್ರೀನ್‌ಶಾಟ್, ಗ್ರಾಹಕರ ದೂರಿನ ನಂಬರ್‌ಗಳು, ನಿಮ್ಮ ಎಚ್ಚರಿಕೆ ಪೋಸ್ಟಿನ ದಿನಾಂಕ ಎಲ್ಲವನ್ನೂ ಒಂದೇ ಕಡೆ ಪ್ರಿಂಟ್ ಮಾಡಿಸಿ ಕೊಂಡೊಯ್ಯಿರಿ. ಮುಂದೆ ಯಾರಾದರೂ "ನೀವೇ ಹಣ ತಿಂದಿದ್ದೀರಿ" ಅಂದರೆ ಈ ದೂರಿನ ಪ್ರತಿ ನಿಮ್ಮ ಕೈಯಲ್ಲಿರುತ್ತದೆ.

## 8. ಸಿಟ್ಟಿನ ಕಾಮೆಂಟ್ ಮತ್ತು ಎರಡನೇ ಸುತ್ತಿನ ಮೋಸ

ಹಣ ಕಳೆದುಕೊಂಡವರು ನಿಮ್ಮ ಪೋಸ್ಟ್ ಕೆಳಗೆ ಬೈಯುತ್ತಾರೆ. ಆ ಕಾಮೆಂಟ್ ಅಳಿಸಬೇಡಿ. ಅಳಿಸಿದರೆ ಅನುಮಾನ ನಿಮ್ಮ ಮೇಲೇ ಬರುತ್ತದೆ. "ನಿಮ್ಮ ಹಣ ನಮಗೆ ಬಂದಿಲ್ಲ, ಆದರೆ ದೂರು ಕೊಡಲು ನಿಮ್ಮ ಜೊತೆ ಇರುತ್ತೇವೆ" ಅಂತ ಬರೆದು ನಂಬರ್ ಕೊಡಿ. ಹಣ ನಾವೇ ವಾಪಸ್ ಕೊಡುತ್ತೇವೆ ಅಂತ ಅವಸರದಲ್ಲಿ ಮಾತು ಕೊಡಬೇಡಿ. ಸುಳ್ಳು ಸ್ಕ್ರೀನ್‌ಶಾಟ್ ಹಿಡಿದು ಬರುವವರಿಗೂ ಅದು ಬಾಗಿಲು ತೆರೆದ ಹಾಗೆ.

ಎಚ್ಚರಿಕೆ ಹಾಕಿದ ಒಂದೆರಡು ದಿನದಲ್ಲಿ ಬೇರೆ ಬಗೆಯ ಮೋಸಗಾರರು ಬರುತ್ತಾರೆ. "ನನ್ನ ಹಣವೂ ಹೋಗಿತ್ತು, ಇವರು ವಾಪಸ್ ಕೊಡಿಸಿದರು" ಅಂತ ಯಾವುದೋ ಖಾತೆಯ ಹೆಸರು ಹಾಕುವ ಕಾಮೆಂಟ್‌ಗಳು ನಿಮ್ಮ ಗ್ರಾಹಕರಿಗೆ ಹಾಕಿದ ಇನ್ನೊಂದು ಬಲೆ. ಇವನ್ನು ಮಾತ್ರ ತಕ್ಷಣ ಅಳಿಸಿ. ನಿಮಗೂ ಮೆಸೇಜ್ ಬರಬಹುದು: "ನಿಮ್ಮ ಖಾತೆ ಮೇಲೆ ದೂರು ಬಂದಿದೆ, 24 ಗಂಟೆಯಲ್ಲಿ ಈ ಲಿಂಕ್ ಒತ್ತಿ." ಲಿಂಕ್ ಒತ್ತಿ ಪಾಸ್‌ವರ್ಡ್ ಕೊಟ್ಟರೆ ಅಸಲಿ ಖಾತೆಯೇ ಅವರ ಕೈಗೆ ಹೋಗುತ್ತದೆ. ಆಮೇಲೆ ಎಚ್ಚರಿಸಲು ನಿಮಗೆ ಜಾಗವೇ ಉಳಿಯುವುದಿಲ್ಲ. ಎರಡು ಹಂತದ ಲಾಗಿನ್ ಅನ್ನು ಇದೇ ದಿನ ಹಾಕಿಕೊಳ್ಳಿ.

ನಕಲಿ ಖಾತೆ ಹೋದ ಮೇಲೂ ಪಿನ್ ಮಾಡಿದ ಪೋಸ್ಟ್ ತೆಗೆಯಬೇಡಿ. ನನ್ನ ವಿಷಯದಲ್ಲಿ ಮೊದಲ ಖಾತೆ ಹೋದ ಒಂಬತ್ತನೇ ದಿನಕ್ಕೆ ಎರಡನೆಯದು ಬಂತು. ಈ ಸಲ ಅಡಿಗೆರೆ ಎರಡಿದ್ದವು. ಆದರೆ ಬೆಂಗಳೂರಿನ ಒಬ್ಬ ಗ್ರಾಹಕಿ ಸ್ಕ್ಯಾನ್ ಮಾಡಿ, ನಾನು ಬರೆದ ಹೆಸರು ಬರಲಿಲ್ಲ ಅಂತ ಅಲ್ಲೇ ನಿಲ್ಲಿಸಿ, ನನಗೆ ಕರೆ ಮಾಡಿದರು. ಈಗ ಪ್ರತಿ ತಿಂಗಳು ಒಂದನೇ ತಾರೀಕು ತಂಗಿಯ ಫೋನಿನಿಂದ ನನ್ನ ಅಂಗಡಿಯ ಹೆಸರು ಹುಡುಕುತ್ತೇನೆ. ಶ್ರಾವಣದಿಂದ ದೀಪಾವಳಿ ಮುಗಿಯುವ ತನಕ ವಾರಕ್ಕೆ ಎರಡು ಸಲ.